ಲಾಭದ ಫೋಟೋ ತೋರಿಸಿದರು, ಪಾಸ್‌ಬುಕ್ ತೋರಿಸಲಿಲ್ಲ

ನಮ್ಮ ರಾಮಕೃಷ್ಣನಗರದಲ್ಲಿ ಬೆಳಿಗ್ಗೆ ಆರೂವರೆಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಐದು ಜನ ಕೂರುತ್ತೇವೆ. ಎಲ್ಲರೂ ಪಿಂಚಣಿದಾರರು. ಮೂರು ಸುತ್ತು ನಡೆಯುವುದು, ಮುಕ್ಕಾಲು ಗಂಟೆ ಮಾತಾಡುವುದು. ಮಾತಿನ ವಿಷಯ ಸಾಮಾನ್ಯವಾಗಿ ಮಂಡಿನೋವು, ಮಳೆ, ಇಲ್ಲವೇ ಸೊಸೆಯಂದಿರು. ಹೋದ ಮಾಘಮಾಸದಲ್ಲಿ ಮಾತ್ರ ನಮ್ಮಲ್ಲೊಬ್ಬರು ಮೊಬೈಲ್ ಹಿಡಿದುಕೊಂಡು ಬಂದು, "ನೋಡ್ರೀ ಇದನ್ನ" ಎಂದು ನನ್ನ ಮುಂದೆ ಚಾಚಿದರು.

ಅದೊಂದು ಸ್ಕ್ರೀನ್‌ಶಾಟ್. ಅಂದರೆ ಮೊಬೈಲ್ ಪರದೆಯ ಫೋಟೋ. ಮೇಲೆ ಸಣ್ಣದಾಗಿ P&L ಎಂದಿತ್ತು. ಅದರ ಕೆಳಗೆ ಹಸಿರು ಬಣ್ಣದ ದಪ್ಪ ಅಕ್ಷರದಲ್ಲಿ 22,000 ರೂಪಾಯಿ ಲಾಭ. ಬೆರಳಿನಿಂದ ತಳ್ಳಿದರೆ ಇನ್ನೊಂದು ಫೋಟೋ, ಅದರಲ್ಲಿ 31,000. ಮತ್ತೊಂದು, 18,500. ಎಲ್ಲ ಹಸಿರು. ಯಾರೋ 'ಗುರುಗಳು' ನಡೆಸುವ ಗುಂಪಿಗೆ ಅವರನ್ನು ಒಂದು ಜಾಹೀರಾತಿನ ಮೂಲಕ ಸೇರಿಸಿಕೊಂಡಿದ್ದರಂತೆ. ದಿನವೂ ಇಂಥ ಹತ್ತಾರು ಚಿತ್ರ ಬರುತ್ತವೆಯಂತೆ.

"ಇವರ ಹತ್ತಿರ ಕಲಿಯೋಣ ಅಂತಿದ್ದೀನಿ. ಮೂರು ಲಕ್ಷದ ಎಫ್‌ಡಿ ಇದೆಯಲ್ಲ, ಅದನ್ನ ಒಡೆಸಿ ಶುರು ಮಾಡಿದ್ರೆ ತಿಂಗಳಿಗೆ ಮೂವತ್ತು ಸಾವಿರ ಎಲ್ಲೂ ಹೋಗಲ್ಲ. ನೀವು ಬ್ಯಾಂಕಲ್ಲಿದ್ದೋರು, ಏನಂತೀರಿ?" ಎಂದು ಕೇಳಿದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಷೇರು ಪಂಡಿತನಲ್ಲ. ಆದರೆ ಮೂವತ್ತೈದು ವರ್ಷ ಲೆಡ್ಜರಿನ ಮುಂದೆ ಕೂತವನಿಗೆ ಒಂದು ಅಭ್ಯಾಸ ಅಂಟಿರುತ್ತದೆ. ಯಾರಾದರೂ ಜಮಾ ಚೀಟಿ ತೋರಿಸಿದರೆ ಕಣ್ಣು ತಾನಾಗಿ ಖರ್ಚಿನ ಕಡೆ ಹೋಗುತ್ತದೆ. ಸಾಲ ಕೇಳಲು ಬಂದ ವ್ಯಾಪಾರಿ, "ನೋಡಿ ಸಾರ್, ಮೊನ್ನೆ ಒಂದೇ ದಿನ ಇಷ್ಟು ಹಣ ಕಟ್ಟಿದ್ದೀನಿ" ಎಂದು ಒಂದು ಕೌಂಟರ್‌ಫಾಯಿಲ್ ತೋರಿಸಿದರೆ ಯಾವ ಮ್ಯಾನೇಜರೂ ಸಾಲ ಕೊಡುತ್ತಿರಲಿಲ್ಲ. ವರ್ಷದ ಪೂರ್ತಿ ಲೆಕ್ಕ ತನ್ನಿ, ಮೂರು ವರ್ಷದ ಆದಾಯ ತೆರಿಗೆಯ ಕಾಗದ ತನ್ನಿ ಎನ್ನುತ್ತಿದ್ದರು. ಆ ಚೀಟಿ ಸುಳ್ಳೇನಲ್ಲ. ಹಣ ಕಟ್ಟಿದ್ದೂ ನಿಜವೇ. ಆದರೆ ಅದು ಲೆಕ್ಕವಲ್ಲ, ಲೆಕ್ಕದ ಒಂದು ಸಾಲು ಅಷ್ಟೆ.

ಆ ದಿನ ಗೆಳೆಯರಿಗೆ, "ಎರಡು ದಿನ ತಾಳ್ರೀ" ಎಂದಷ್ಟೇ ಹೇಳಿ ಮನೆಗೆ ಬಂದೆ. ಏಳನೇ ತರಗತಿಯ ಮೊಮ್ಮಗಳು ತಿಂಡಿ ತಿನ್ನುತ್ತಿದ್ದಳು. ಅವಳಿಗೆ ವಿಷಯ ಹೇಳಿದೆ. "ತಾತ, ಫೋಟೋ ಎಡಿಟ್ ಮಾಡಿರ್ತಾರೆ" ಎಂದಳು ಥಟ್ಟನೆ. ಇಂದಿನ ಮಕ್ಕಳಿಗೆ ಅದು ಗೊತ್ತೇ ಇದೆ. ಕಂಪ್ಯೂಟರಿನಲ್ಲಿ ಪುಟ ತೆರೆದು, ಬ್ರೌಸರಿನಲ್ಲೇ ಅಂಕಿ ತಿದ್ದಿ ಫೋಟೋ ತೆಗೆಯಲು ಎರಡು ನಿಮಿಷ ಸಾಕು. ನಿಜವಾದ ಹಣವಿಲ್ಲದೆ ಆಟಕ್ಕೆಂದು ವ್ಯಾಪಾರ ಮಾಡುವ ಆ್ಯಪ್‌ಗಳೂ ಇವೆ, ಅವುಗಳ ಪರದೆ ನೋಡಲು ಅಸಲಿಯಂತೆಯೇ ಇರುತ್ತದೆ.

"ಎಡಿಟ್ ಮಾಡಿಲ್ಲ ಅಂದುಕೋ ಪುಟ್ಟಿ. ಚಿತ್ರ ನೂರಕ್ಕೆ ನೂರು ಅಸಲಿ. ಆಗ?" ಎಂದೆ. ಅವಳು ಸುಮ್ಮನಾದಳು. ವಿಷಯದ ನಿಜವಾದ ಗಂಟು ಇರುವುದು ಅಲ್ಲೇ. ನಕಲಿ ಚಿತ್ರವನ್ನು ಎಂದಾದರೂ ಹಿಡಿಯಬಹುದು. ಅಸಲಿ ಚಿತ್ರಗಳನ್ನೇ ಜೋಡಿಸಿ ಹೇಳುವ ಸುಳ್ಳನ್ನು ಹಿಡಿಯುವುದು ಕಷ್ಟ.

ಅದು ಹೇಗೆ ಎಂದು ಒಂದು ಲೆಕ್ಕ ಮಾಡಿ ನೋಡೋಣ. ಗೆಳೆಯರ ಮೊಬೈಲಿನ 22,000 ರೂಪಾಯಿಯನ್ನೇ ತೆಗೆದುಕೊಳ್ಳುತ್ತೇನೆ. ಉಳಿದ ಅಂಕಿಗಳು ನಾನು ಲೆಕ್ಕಕ್ಕೆಂದು ಇಟ್ಟುಕೊಂಡವು.

ಷೇರುಪೇಟೆಯಲ್ಲಿ 'ಆಪ್ಷನ್' ಎಂಬ ಒಂದು ವ್ಯವಹಾರವಿದೆ. ಮಕ್ಕಳು ಅದನ್ನು ಬೆಲೆಕಟ್ಟಿ ಕೊಳ್ಳುವ ಚೀಟಿ ಎಂದುಕೊಳ್ಳಲಿ. ಪೇಟೆ ಮೇಲೇರಿದರೆ ಬೆಲೆ ಹೆಚ್ಚುವ ಚೀಟಿಗೆ 'ಕಾಲ್' ಎಂದು ಹೆಸರು. ಪೇಟೆ ಕೆಳಗಿಳಿದರೆ ಬೆಲೆ ಹೆಚ್ಚುವ ಚೀಟಿಗೆ 'ಪುಟ್' ಎಂದು ಹೆಸರು. ಎರಡಕ್ಕೂ ಒಂದು ಕೊನೆಯ ದಿನವಿರುತ್ತದೆ. ಹೊತ್ತು ಕಳೆದಂತೆ, ಬಿಸಿಲಲ್ಲಿ ಹಿಡಿದ ಐಸ್‌ಕ್ಯಾಂಡಿಯ ಹಾಗೆ, ಪೇಟೆ ಅಲುಗಾಡದಿದ್ದರೂ ಚೀಟಿಯ ಬೆಲೆ ಸ್ವಲ್ಪ ಸ್ವಲ್ಪ ಕರಗುತ್ತಲೇ ಇರುತ್ತದೆ.

ಈಗ ಒಬ್ಬ ಗುರು ಎರಡು ಖಾತೆ ಇಟ್ಟುಕೊಂಡಿದ್ದಾನೆ ಎಂದುಕೊಳ್ಳಿ. ಒಂದು ತನ್ನ ಹೆಸರಿನಲ್ಲಿ, ಇನ್ನೊಂದು ಹೆಂಡತಿಯ ಹೆಸರಿನಲ್ಲಿ. ಬೆಳಿಗ್ಗೆ ಮೊದಲ ಖಾತೆಯಲ್ಲಿ 50,000 ರೂಪಾಯಿಗೆ ಕಾಲ್ ಕೊಳ್ಳುತ್ತಾನೆ. ಅದೇ ನಿಮಿಷ ಎರಡನೆಯ ಖಾತೆಯಲ್ಲಿ 50,000 ರೂಪಾಯಿಗೆ ಪುಟ್ ಕೊಳ್ಳುತ್ತಾನೆ. ಪೇಟೆ ಯಾವ ಕಡೆ ಹೋಗುತ್ತದೆಂದು ಅವನಿಗೆ ಗೊತ್ತಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪೇಟೆ ಸ್ವಲ್ಪ ಮೇಲೆ ಹೋಯಿತು. ಕಾಲ್ ಚೀಟಿಯ ಬೆಲೆ 72,000 ಆಯಿತು. ಪುಟ್ ಚೀಟಿಯ ಬೆಲೆ 24,000ಕ್ಕೆ ಇಳಿಯಿತು. ಎರಡನ್ನೂ ಮಾರಿದ. ಕೈಗೆ ಬಂದದ್ದು 96,000. ಹಾಕಿದ್ದು ಒಂದು ಲಕ್ಷ. ಅಂದರೆ 4,000 ರೂಪಾಯಿ ನಷ್ಟ. ಅದರ ಮೇಲೆ ಬ್ರೋಕರೇಜು, ತೆರಿಗೆ ಬೇರೆ.

ಆದರೆ ಅವನು ಫೋಟೋ ತೆಗೆಯುವುದು ಮೊದಲನೆಯ ಖಾತೆಯದ್ದು ಮಾತ್ರ. ಅಲ್ಲಿ ಹಸಿರು ಅಕ್ಷರದಲ್ಲಿ 22,000 ಲಾಭ ಇದೆ. ಹಾಕಿದ ಐವತ್ತು ಸಾವಿರಕ್ಕೆ ಒಂದೇ ದಿನದಲ್ಲಿ ನೂರಕ್ಕೆ ನಲವತ್ತನಾಲ್ಕು! ಚಿತ್ರದಲ್ಲಿ ಒಂದು ಅಂಕಿಯನ್ನೂ ತಿದ್ದಿಲ್ಲ. ಬ್ರೋಕರ್ ಕಂಪನಿಗೆ ಬರೆದು ಕೇಳಿದರೂ ಹೌದು, ಈ ವ್ಯವಹಾರ ನಡೆದಿದೆ ಎಂದೇ ಉತ್ತರ ಬರುತ್ತದೆ. ಮರುದಿನ ಪೇಟೆ ಕೆಳಗೆ ಬಿದ್ದರೆ ಎರಡನೆಯ ಖಾತೆಯ ಫೋಟೋ ಬರುತ್ತದೆ. ವಾರಕ್ಕೆ ಐದು ದಿನ ಐದು ಹಸಿರು ಚಿತ್ರ. ದಿನವೂ ಇದೇ ರೀತಿ ನಡೆದರೆ ವಾರಕ್ಕೆ ಅವನ ನಿಜವಾದ ನಷ್ಟ 20,000.

"ಹಾಗಾದ್ರೆ ಅವನಿಗೆ ಲುಕ್ಸಾನೇ ಅಲ್ವಾ ತಾತ? ಯಾಕೆ ಮಾಡ್ತಾನೆ?" ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬ್ಯಾಂಕಿನ ಇನ್ಸ್‌ಪೆಕ್ಟರುಗಳೂ ಕೆಲವೊಮ್ಮೆ ಇದನ್ನು ಕೇಳಲು ಮರೆಯುತ್ತಿದ್ದರು. ಗುರುವಿನ ತರಗತಿಯ ಶುಲ್ಕ 4,999 ರೂಪಾಯಿ. ಆ ಐದು ಚಿತ್ರ ನೋಡಿ ವಾರಕ್ಕೆ ನಲವತ್ತು ಜನ ಸೇರಿದರೆ ಬರುವುದು 1,99,960. ಇಪ್ಪತ್ತು ಸಾವಿರ ಅವನ ಜಾಹೀರಾತಿನ ಖರ್ಚು. ಅವನ ಅಂಗಡಿಯಲ್ಲಿ ಮಾರುವ ಸರಕು ಷೇರಲ್ಲ, ಫೋಟೋ.

ಇದು ಕಲ್ಪನೆಯ ಲೆಕ್ಕವಾಯಿತು. ಇನ್ನು ನಡೆದದ್ದನ್ನು ಹೇಳುತ್ತೇನೆ. ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯ ಹೆಸರು ಸೆಬಿ. 2023ರ ಅಕ್ಟೋಬರಿನಲ್ಲಿ ಸೆಬಿ, 'ಬಾಪ್ ಆಫ್ ಚಾರ್ಟ್' ಎಂಬ ಹೆಸರಿನಲ್ಲಿ ಷೇರು ಪಾಠ ಮಾರುತ್ತಿದ್ದವರ ವಿರುದ್ಧ ಒಂದು ಮಧ್ಯಂತರ ಆದೇಶ ಹೊರಡಿಸಿತು. ನೋಂದಣಿ ಇಲ್ಲದೆ ಹೂಡಿಕೆಯ ಸಲಹೆ ಕೊಡುತ್ತಿದ್ದಾರೆ ಎಂಬುದು ಮುಖ್ಯ ಆಕ್ಷೇಪ. ಜನರಿಂದ ಪಡೆದ ಶುಲ್ಕವೆಂದು ಸುಮಾರು 17 ಕೋಟಿ 20 ಲಕ್ಷ ರೂಪಾಯಿಯನ್ನು ತಡೆಹಿಡಿಯಲು ಆದೇಶವಾಯಿತು. ನನ್ನ ಕಣ್ಣು ನಿಂತದ್ದು ಅದೇ ಆದೇಶದ ಇನ್ನೊಂದು ಅಂಕಿಯ ಮೇಲೆ. ಲಾಭ ಮಾಡುವವರೆಂದು ಜನರ ಮುಂದೆ ಕಾಣಿಸಿಕೊಳ್ಳುತ್ತಿದ್ದ ಆ ಗುರುವಿನ ಸ್ವಂತ ಖಾತೆಗಳನ್ನು ಸೆಬಿ ತೆರೆದು ನೋಡಿದಾಗ, 2021ರ ಜನವರಿಯಿಂದ 2023ರ ಜುಲೈವರೆಗಿನ ನಿವ್ವಳ ಲೆಕ್ಕ ಸುಮಾರು 2 ಕೋಟಿ 89 ಲಕ್ಷ ನಷ್ಟದಲ್ಲಿತ್ತು! ಎರಡೂವರೆ ವರ್ಷದ ಪೂರ್ತಿ ಪಾಸ್‌ಬುಕ್ ತೆರೆದ ಮೇಲೆಯೇ ಇದು ಗೊತ್ತಾದದ್ದು. ಬಿಡಿ ಫೋಟೋಗಳನ್ನು ನೋಡಿದವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಇದನ್ನೆಲ್ಲ ಮರುದಿನ ಪಾರ್ಕಿನಲ್ಲಿ ಗೆಳೆಯರಿಗೆ ಹೇಳಿದೆ. ಅವರು ಅಷ್ಟು ಸುಲಭಕ್ಕೆ ಬಿಡುವ ಪೈಕಿ ಅಲ್ಲ. ಹೈಸ್ಕೂಲಿನಲ್ಲಿ ಮಕ್ಕಳನ್ನು ಮೂವತ್ತು ವರ್ಷ ಆಳಿದವರು. "ಗುರು ಒಬ್ಬ ಕಳ್ಳ ಇರಬಹುದು ಸ್ವಾಮಿ. ಆದ್ರೆ ಗುಂಪಲ್ಲಿ ಶಿಷ್ಯರೂ ಫೋಟೋ ಹಾಕ್ತಾರೆ. ದಿನಕ್ಕೆ ಮೂವತ್ತು ನಲವತ್ತು ಜನ. ಅಷ್ಟು ಜನಾನೂ ಕಳ್ಳರೇನು?" ಎಂದರು.

ಅಲ್ಲ, ಅವರು ಕಳ್ಳರಲ್ಲ. ಅವರು ಒಬ್ಬೊಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ಇದಕ್ಕೆ ಉತ್ತರವನ್ನು ನಾನು ಅಂದು ಕೊಡಲಿಲ್ಲ. ಕೊಟ್ಟದ್ದು ಯುಗಾದಿಯ ದಿನ ನಮ್ಮ ಮನೆಯ ಹಜಾರ.

ಹಬ್ಬಕ್ಕೆ ತಮ್ಮಂದಿರು, ತಂಗಿಯರು, ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಇಪ್ಪತ್ತನಾಲ್ಕು ಜನ ಆಗಿದ್ದೆವು. ಹೋಳಿಗೆ ಊಟ ಮುಗಿದು ಎಲ್ಲರೂ ತೂಕಡಿಸುವ ಹೊತ್ತು. ಮೊಮ್ಮಗಳು ಎಲ್ಲರಿಗೂ ಒಂದೊಂದು ರೂಪಾಯಿ ನಾಣ್ಯ ಹಂಚಿ ಎದ್ದು ನಿಲ್ಲಿಸಿದಳು. ಎಲ್ಲರೂ ಒಟ್ಟಿಗೆ ಚಿಮ್ಮಬೇಕು, ಸಿಂಹದ ಮುಖ ಬಿದ್ದವರು ನಿಂತಿರಬೇಕು, ಅಂಕಿ ಬಿದ್ದವರು ಕೂತುಬಿಡಬೇಕು. ಇಷ್ಟೇ ಆಟ.

ಮೊದಲ ಸಲ ಚಿಮ್ಮಿದಾಗ ಹದಿಮೂರು ಜನ ನಿಂತಿದ್ದರು. ಎರಡನೆಯ ಸಲಕ್ಕೆ ಆರು. ಮೂರನೆಯ ಸಲಕ್ಕೆ ಮೂರು. ನಾಲ್ಕನೆಯ ಸಲ ಇಬ್ಬರು. ಐದನೆಯದಕ್ಕೆ ಉಳಿದವನು ಒಬ್ಬನೇ, ನನ್ನ ತಮ್ಮನ ಮೊಮ್ಮಗ, ಒಂಬತ್ತು ವರ್ಷದ ಹುಡುಗ. ಸತತ ಐದು ಸಲ ಸಿಂಹ! ಎಲ್ಲರೂ ಚಪ್ಪಾಳೆ ಹೊಡೆದರು. "ಹೇಗೋ ಮಾಡ್ದೆ?" ಎಂದು ಅವನ ಚಿಕ್ಕಮ್ಮ ಕೇಳಿದಳು. ಅವನು ಗಂಭೀರವಾಗಿ ಕೈ ಎತ್ತಿ, "ಹೆಬ್ಬೆರಳನ್ನ ಹೀಗೆ ಸ್ವಲ್ಪ ಓರೆ ಇಟ್ಟು ಚಿಮ್ಮಬೇಕು" ಎಂದು ತೋರಿಸಿಕೊಟ್ಟ. ನೋಡುನೋಡುತ್ತಿದ್ದಂತೆ ನಾಲ್ಕು ಮಕ್ಕಳು ಹೆಬ್ಬೆರಳು ಓರೆ ಮಾಡಿಕೊಂಡು ಅಭ್ಯಾಸಕ್ಕೆ ಶುರು ಹಚ್ಚಿದರು.

ಆ ಹುಡುಗ ಮೋಸ ಮಾಡಲಿಲ್ಲ. ಹೆಬ್ಬೆರಳಿನ ಮಾತನ್ನು ಮನಸಾರೆ ನಂಬಿಯೇ ಹೇಳಿದ. ಇಪ್ಪತ್ತನಾಲ್ಕು ಜನ ಶುರು ಮಾಡಿದರೆ ಅರ್ಧರ್ಧ ಉದುರುತ್ತ ಹೋಗಿ ಐದನೆಯ ಸಲಕ್ಕೆ ಯಾರಾದರೊಬ್ಬರು ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಯಾರು ಎಂದು ಮೊದಲೇ ಹೇಳಲಾಗುವುದಿಲ್ಲ, ಅಷ್ಟೆ. ಆರನೆಯ ಸಲ ಚಿಮ್ಮಿಸಿದೆವು. ಅಂಕಿ ಬಿತ್ತು. "ಗಾಳಿ ಬಂತು" ಎಂದ. ಫ್ಯಾನು ಹಾಕಿರಲೇ ಇಲ್ಲ.

ಇದೇ ಆಟವನ್ನು ಬೇಕೆಂದೇ ಆಡುವವರೂ ಇದ್ದಾರೆ. ಮೋಸಗಾರನೊಬ್ಬ 64 ಜನರ ಮೊಬೈಲ್ ನಂಬರ್ ಸಂಪಾದಿಸುತ್ತಾನೆ. 32 ಜನರಿಗೆ 'ನಾಳೆ ಪೇಟೆ ಏರುತ್ತದೆ' ಎಂದು ಕಳಿಸುತ್ತಾನೆ, ಉಳಿದ 32 ಜನರಿಗೆ 'ಇಳಿಯುತ್ತದೆ' ಎಂದು. ನಾಳೆ ಯಾವುದಾದರೊಂದು ನಿಜವಾಗುತ್ತದೆ. ಸುಳ್ಳು ಹೋದವರನ್ನು ಕೈಬಿಟ್ಟು, ನಿಜ ಕಂಡ 32 ಜನರನ್ನು ಮತ್ತೆ ಹದಿನಾರು ಹದಿನಾರಾಗಿ ಒಡೆಯುತ್ತಾನೆ. ಮೂರನೆಯ ದಿನ ಎಂಟು ಜನ ಉಳಿದಿರುತ್ತಾರೆ, ನಾಲ್ಕನೆಯ ದಿನ ನಾಲ್ಕು, ಐದನೆಯ ದಿನ ಇಬ್ಬರು, ಆರನೆಯ ದಿನ ಒಬ್ಬರು. ಆ ಒಬ್ಬರ ಮೊಬೈಲಿನಲ್ಲಿ ಸತತ ಆರು ದಿನದ ಭವಿಷ್ಯ ಅಕ್ಷರಶಃ ನಿಜವಾಗಿರುತ್ತದೆ. ಅವರ ದೃಷ್ಟಿಯಲ್ಲಿ ಕಳಿಸಿದವನು ತ್ರಿಕಾಲಜ್ಞಾನಿ. ಉಳಿದ ಅರವತ್ತಮೂರು ಜನರಿಗೆ ಅವನು ಯಾರೋ ಅಂದಾದುಂದಿ ಸಂದೇಶ ಕಳಿಸುವವನು. ಆದರೆ ಆ ಅರವತ್ತಮೂರು ಜನರೂ ಈ ಒಬ್ಬರೂ ಎಂದೂ ಭೇಟಿಯಾಗುವುದಿಲ್ಲ.

ಸೋತವರು ಕಣ್ಣಿಗೆ ಬೀಳುವುದಿಲ್ಲ ಎಂಬ ಈ ಒಂದು ಸಂಗತಿಯನ್ನು ಗಣಿತವಾಗಿ ಹಿಡಿದವರಲ್ಲಿ ಒಬ್ಬರು ಅಬ್ರಹಾಂ ವಾಲ್ಡ್. 1902ರಲ್ಲಿ ಹುಟ್ಟಿದವರು, ಯಹೂದಿಗಳು. ಹಿಟ್ಲರನ ಕಾಲದಲ್ಲಿ, 1938ರಲ್ಲಿ ಆಸ್ಟ್ರಿಯಾ ಬಿಟ್ಟು ಅಮೆರಿಕಕ್ಕೆ ಹೋದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೈನ್ಯಕ್ಕಾಗಿ ಲೆಕ್ಕ ಮಾಡುತ್ತಿದ್ದ ಸಂಖ್ಯಾಶಾಸ್ತ್ರಜ್ಞರ ತಂಡವೊಂದಿತ್ತು, ಅದರಲ್ಲಿದ್ದರು. ಅವರ ಮುಂದಿದ್ದ ಸಮಸ್ಯೆ, ಗುಂಡೇಟು ತಿಂದ ಯುದ್ಧವಿಮಾನಗಳಲ್ಲಿ ಯಾವ ಭಾಗ ಹೆಚ್ಚು ಅಪಾಯದ್ದು ಎಂಬುದು.

ಯುದ್ಧದಿಂದ ಮರಳಿದ ವಿಮಾನಗಳ ಮೈಮೇಲೆ ತೂತುಗಳನ್ನು ಎಣಿಸಬಹುದು. ರೆಕ್ಕೆ, ಮೈಭಾಗಗಳಲ್ಲಿ ತೂತು ಹೆಚ್ಚಿದ್ದು ಎಂಜಿನ್ನಿನಲ್ಲಿ ಕಡಿಮೆ ಇದ್ದರೆ ನಮಗೇನು ತೋಚುತ್ತದೆ? ರೆಕ್ಕೆಗೇ ಏಟು ಜಾಸ್ತಿ, ಅಲ್ಲಿಗೇ ದಪ್ಪ ತಗಡು ಹಾಕಿ ಎಂದು. ವಾಲ್ಡರ ಯೋಚನೆ ತಿರುಗುಮುರುಗು. ಎಂಜಿನ್ನಿಗೂ ಗುಂಡು ಬಿದ್ದೇ ಬೀಳುತ್ತದೆ. ಆದರೆ ಅಲ್ಲಿ ಬಿದ್ದ ವಿಮಾನಗಳು ಎಣಿಸುವುದಕ್ಕೆ ಮರಳಿ ಬಂದಿಲ್ಲ. ಅಂದಮೇಲೆ ತಗಡು ಬೇಕಾದದ್ದು ತೂತು ಕಾಣದ ಜಾಗಕ್ಕೆ. ಈ ಕಥೆಗೆ ಈಚೆಗೆ ಹೇಳುವವರು ಸಾಕಷ್ಟು ಬಣ್ಣ ಹಚ್ಚಿದ್ದಾರೆ. ಅವರು ನಿಜವಾಗಿ ಬರೆದದ್ದು 1943ರ ಕೆಲವು ಒಣ ಗಣಿತದ ಟಿಪ್ಪಣಿಗಳು. ಅದರಲ್ಲಿ ಅವರು ಇಟ್ಟುಕೊಂಡ ಉದಾಹರಣೆಯ ಲೆಕ್ಕ ಶುರುವಾಗುವುದೇ ಹೀಗೆ: ಹೊರಟ ವಿಮಾನ 400, ಮರಳಿದ್ದು 380, ಅದರಲ್ಲಿ ಒಂದೂ ಏಟಿಲ್ಲದ್ದು 320. ಮರಳಿದ 380 ವಿಮಾನಗಳಿಂದ ಶುರು ಮಾಡದೆ, ಹೊರಟ 400ರಿಂದ ಶುರು ಮಾಡಿದರಲ್ಲ, ನನಗೆ ಹಿಡಿಸಿದ್ದು ಅದು. ಬಾರದ ಆ ಇಪ್ಪತ್ತು ವಿಮಾನಗಳೂ ಲೆಕ್ಕದ ಒಳಗೇ ಕೂತಿವೆ.

ವಾಲ್ಡರ ಕೊನೆ ನಮ್ಮ ಪಕ್ಕದಲ್ಲೇ ಆಯಿತು ಎಂಬುದು ಮೈಸೂರಿನವರಿಗೆ ಹೆಚ್ಚಾಗಿ ಗೊತ್ತಿಲ್ಲ. ಭಾರತಕ್ಕೆ ಉಪನ್ಯಾಸ ಪ್ರವಾಸ ಬಂದಿದ್ದಾಗ, 1950ರ ಡಿಸೆಂಬರಿನಲ್ಲಿ ಅವರೂ ಅವರ ಹೆಂಡತಿಯೂ ಇದ್ದ ಏರ್ ಇಂಡಿಯಾ ವಿಮಾನ ನೀಲಗಿರಿ ಬೆಟ್ಟಕ್ಕೆ ಬಡಿದು ಒಬ್ಬರೂ ಉಳಿಯಲಿಲ್ಲ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವಾಗ ಎದುರಿಗೆ ನೀಲಿಯಾಗಿ ಕಾಣುತ್ತದಲ್ಲ, ಅದೇ ಬೆಟ್ಟಸಾಲು. ಮರಳದ ವಿಮಾನಗಳ ಲೆಕ್ಕ ಹಾಕಿದವರು ಮರಳದ ವಿಮಾನದಲ್ಲೇ ಹೋದರು. ಮೊಮ್ಮಗಳು ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಗುಂಪಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಜನ ಹಸಿರು ಫೋಟೋ ಹಾಕುತ್ತಾರೆ. ಅವರು ಮರಳಿ ಬಂದ ವಿಮಾನಗಳು. ಹೊರಟವರು ಎಷ್ಟು?

ಇದಕ್ಕೆ ನಮ್ಮ ದೇಶದಲ್ಲಿ ಸರ್ಕಾರಿ ಅಂಕಿಯೇ ಇದೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021ರ ಏಪ್ರಿಲಿನಿಂದ 2024ರ ಮಾರ್ಚಿವರೆಗೆ ಮೂರು ವರ್ಷ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರ ಲೆಕ್ಕ ಅದು. ಫೋಟೋ ಹಾಕಿದವರ ಲೆಕ್ಕವಲ್ಲ, ಹೊರಟವರೆಲ್ಲರ ಲೆಕ್ಕ. ನೂರಕ್ಕೆ 93 ಜನ ನಷ್ಟ ಮಾಡಿಕೊಂಡಿದ್ದರು. ನಷ್ಟವಾದವರು ಖರ್ಚುವೆಚ್ಚ ಸೇರಿ ಸರಾಸರಿ ತಲೆಗೆ ಸುಮಾರು ಎರಡು ಲಕ್ಷ ರೂಪಾಯಿ ಕಳೆದುಕೊಂಡಿದ್ದರು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು ಮಾತ್ರ.

ಈ ಅಂಕಿಯನ್ನು ಗೆಳೆಯರ ಗುಂಪಿಗೆ ಹಚ್ಚಿ ನೋಡಿದೆವು. ಗುಂಪಿನಲ್ಲಿ 500 ಜನ ಇದ್ದರು. ದೇಶದ ಸರಾಸರಿಯೇ ಅಲ್ಲೂ ಇದ್ದರೆ 465 ಜನ ನಷ್ಟದಲ್ಲಿರುತ್ತಾರೆ, 35 ಜನ ಲಾಭದಲ್ಲಿ. ಆ ಮೂವತ್ತೈದು ಜನ ದಿನಕ್ಕೊಂದು ಫೋಟೋ ಹಾಕಿದರೆ ಸಾಕು, ಬೆಳಗಿನಿಂದ ಸಂಜೆವರೆಗೆ ಮೊಬೈಲು ಹಸಿರೋ ಹಸಿರು. ಇದು ಕಡಿಮೆ ಹಿಡಿದ ಲೆಕ್ಕ. ವರ್ಷದಲ್ಲಿ ನಷ್ಟ ಮಾಡಿಕೊಂಡವನಿಗೂ ನಡುವೆ ಒಂದೊಂದು ದಿನ ಲಾಭ ಬಂದೇ ಬರುತ್ತದೆ, ಆ ದಿನ ಅವನೂ ಫೋಟೋ ಹಾಕುತ್ತಾನೆ. ಕೆಂಪು ಬಂದ ದಿನ ಯಾರೂ ಹಾಕುವುದಿಲ್ಲ. ಒಬ್ಬರೂ ಸುಳ್ಳು ಹೇಳದೆಯೇ ಇಡೀ ಗುಂಪು ಒಂದು ದೊಡ್ಡ ಸುಳ್ಳಾಗಿಬಿಡುತ್ತದೆ.

ಗುಂಪಿನ ಅಡ್ಮಿನ್ ಕೈಯಲ್ಲಿ ಇನ್ನೂ ಒಂದು ಕತ್ತರಿ ಇದೆ. ನಷ್ಟದ ಮಾತೆತ್ತಿದವರನ್ನು ಹೊರಗೆ ಹಾಕಬಹುದು, ಸಂದೇಶ ಅಳಿಸಬಹುದು. ಕೆಲವು ಗುಂಪುಗಳಲ್ಲಿ ಅಡ್ಮಿನ್ ಬಿಟ್ಟು ಬೇರೆಯವರು ಬರೆಯಲಾಗದಂತೆಯೇ ಇಟ್ಟಿರುತ್ತಾರೆ. ಹೊಸದಾಗಿ ಸೇರಿದವರಿಗೆ ಹಿಂದೆ ಇದ್ದು ಹೋದವರು ಯಾರು, ಯಾಕೆ ಹೋದರು ಎಂಬುದೇ ತಿಳಿಯುವುದಿಲ್ಲ.

ಈ ಮೌನ ನನಗೆ ಹೊಸದಲ್ಲ. 1992ರಲ್ಲಿ ಹರ್ಷದ್ ಮೆಹ್ತಾನ ಕಾಲದಲ್ಲಿ ನಮ್ಮ ಶಾಖೆಯಲ್ಲೂ ಷೇರಿನ ಗಾಳಿ ಬೀಸಿತ್ತು. ಷೇರು ಏರಿದವರು ಮೈಸೂರು ಪಾಕು ತಂದು ಹಂಚುತ್ತಿದ್ದರು. ವಾರಕ್ಕೆ ಎರಡು ಮೂರು ಸಲ ಮೈಸೂರು ಪಾಕು! ಇಡೀ ಶಾಖೆಯೇ ಶ್ರೀಮಂತವಾಗುತ್ತಿದೆ, ನಾನೊಬ್ಬನೇ ಹಿಂದುಳಿದೆ ಎನ್ನಿಸುತ್ತಿತ್ತು. ನಷ್ಟವಾಯಿತೆಂದು ಯಾರಾದರೂ ಸಿಹಿ ಹಂಚುತ್ತಾರೆಯೇ? ಆ ತರ್ಕ ಆಗ ಹೊಳೆಯಲಿಲ್ಲ. ನಾನೂ 12,000 ರೂಪಾಯಿ ಒಂದು ಕಂಪನಿಯ ಷೇರಿಗೆ ಹಾಕಿದೆ. ಆ ಬೇಸಿಗೆಯಲ್ಲಿ ಪೇಟೆ ಕುಸಿಯಿತು. ನನ್ನ ಷೇರಿನ ಕಾಗದ ಈಗಲೂ ಬೀರುವಿನ ತಳದಲ್ಲಿದೆ, ಕಂಪನಿ ಇಲ್ಲ. ನಾನು ಕೂಡ ಆಗ ಒಬ್ಬರ ಹತ್ತಿರವೂ ಬಾಯಿಬಿಡಲಿಲ್ಲ. ನನ್ನ ಪಕ್ಕದ ಕೌಂಟರಿನವರೂ ಕಳೆದುಕೊಂಡಿದ್ದರೆಂದು ನನಗೆ ತಿಳಿದದ್ದು ಅವರ ನಿವೃತ್ತಿಯ ದಿನ.

ಹಾಗಾದರೆ ಷೇರಿನ ಬಗ್ಗೆ ಹೇಳಿಕೊಡುವವರೆಲ್ಲ ಮೋಸಗಾರರೇ ಎಂದರೆ ಅಲ್ಲ. ನಿಜವಾಗಿ ಲಾಭ ಮಾಡಿದವರೂ ಇದ್ದಾರೆ, ಆ ನೂರಕ್ಕೆ ಏಳು ಜನ ಸುಳ್ಳಲ್ಲ. ಆದರೆ ಅವರಲ್ಲಿ ಯಾರದು ಜಾಣ್ಮೆ, ಯಾರದು ನಮ್ಮ ಹುಡುಗನ ಹೆಬ್ಬೆರಳು ಎಂದು ಒಂದು ಚಿತ್ರ ನೋಡಿ ಹೇಳಲಾಗದು. ಒಂದು ವರ್ಷದ ಲೆಕ್ಕ ನೋಡಿಯೂ ಖಚಿತವಾಗಿ ಹೇಳುವುದು ಕಷ್ಟ. ಮೂರು ನಾಲ್ಕು ವರ್ಷದ್ದಾದರೆ ಸ್ವಲ್ಪ ಧೈರ್ಯ ಬರುತ್ತದೆ.

ಕೇಳಬೇಕಾದ ಕಾಗದ ಯಾವುದೆಂದರೆ, ಆರ್ಥಿಕ ವರ್ಷದ ಪೂರ್ತಿ ಲಾಭ-ನಷ್ಟದ ವರದಿ, ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ತೆರಿಗೆ ಕಟ್ಟಲು ಬೇಕೆಂದು ಪ್ರತಿ ಬ್ರೋಕರ್ ಕಂಪನಿಯೂ ಗಿರಾಕಿಗೆ ಇದನ್ನು ಕೊಡುತ್ತದೆ. ವ್ಯವಹಾರದ ಖರ್ಚುಗಳೂ ಅದರಲ್ಲಿ ಇರುತ್ತವೆ. ಬೆಂಗಳೂರಿನ ಜೆರೋಧಾ ಕಂಪನಿ ಇಂಥ ಫೋಟೋಗಳ ಹಾವಳಿ ನೋಡಿಯೇ, ಗಿರಾಕಿ ಇಷ್ಟಪಟ್ಟರೆ ತನ್ನ ಲಾಭ-ನಷ್ಟವನ್ನು ಕಂಪನಿಯ ತಾಣದಲ್ಲೇ ಎಲ್ಲರಿಗೂ ತೋರಿಸುವ ಲಿಂಕ್ ವ್ಯವಸ್ಥೆ ಮಾಡಿತ್ತು. ಅಲ್ಲಿ ಅಂಕಿ ತಿದ್ದಲು ಬರುತ್ತಿರಲಿಲ್ಲ. ಆದರೂ ನೆನಪಿಡಿ, ಇಂಥ ವರದಿ ಒಂದು ಖಾತೆಯ ಸತ್ಯ. ಹೆಂಡತಿಯ ಹೆಸರಿನ ಎರಡನೆಯ ಖಾತೆ ಅದರಲ್ಲಿ ಬಾರದು. ಲೆಕ್ಕದ ದಿನಾಂಕಗಳನ್ನೂ ನೋಡಬೇಕು, ಚೆನ್ನಾಗಿ ನಡೆದ ಎರಡು ತಿಂಗಳನ್ನಷ್ಟೇ ತೋರಿಸಿರಬಹುದು. ಆದ್ದರಿಂದ ಜೊತೆಗೆ ಸೆಬಿ ನೋಂದಣಿ ಸಂಖ್ಯೆಯನ್ನೂ ಕೇಳಬೇಕು. ಹೂಡಿಕೆ ಸಲಹೆಗಾರರದ್ದು INA ಎಂದೂ, ಷೇರು ವಿಶ್ಲೇಷಕರದ್ದು INH ಎಂದೂ ಶುರುವಾಗುತ್ತದೆ. ಸೆಬಿಯ ತಾಣದಲ್ಲಿ ಆ ಸಂಖ್ಯೆ ಹಾಕಿ ಹೆಸರು ತಾಳೆ ನೋಡಬಹುದು. ಇಷ್ಟು ಲಾಭ ಖಂಡಿತ ಎಂದು ಭರವಸೆ ಕೊಡುವ ಅಧಿಕಾರ ನೋಂದಣಿ ಇದ್ದವರಿಗೂ ಇಲ್ಲ.

ಯುಗಾದಿಯ ಮರುದಿನ ಬೆಂಚಿನ ಮೇಲೆ ಕೂತು ಗೆಳೆಯರು ಗುಂಪಿನಲ್ಲಿ ಬರೆದರು. ಅವರ ಕನ್ನಡ ಮೇಷ್ಟರ ಕನ್ನಡ: 'ಮಾನ್ಯರೇ, ಕಳೆದ ಆರ್ಥಿಕ ವರ್ಷದ ತಮ್ಮ ಎಲ್ಲ ಖಾತೆಗಳ ಪೂರ್ಣ ಲಾಭ-ನಷ್ಟದ ವರದಿಯನ್ನೂ, ತಮ್ಮ ಸೆಬಿ ನೋಂದಣಿ ಸಂಖ್ಯೆಯನ್ನೂ ದಯವಿಟ್ಟು ಕಳಿಸಿಕೊಡಬೇಕಾಗಿ ವಿನಂತಿ. ಇದುವರೆಗೆ ತಮ್ಮ ತರಗತಿಗೆ ಒಟ್ಟು ಎಷ್ಟು ಜನ ಸೇರಿದ್ದರು ಎಂಬುದನ್ನೂ ತಿಳಿಸಬೇಕು.' ನಾವು ಎರಡನೆಯ ಸುತ್ತು ಮುಗಿಸುವಷ್ಟರಲ್ಲಿ ಅವರನ್ನು ಗುಂಪಿನಿಂದ ತೆಗೆದುಹಾಕಲಾಗಿತ್ತು. ಗುಂಪಿನಲ್ಲಿ ಈಗ 499 ಜನ, ಎಲ್ಲರೂ ಸಂತೋಷವಾಗಿದ್ದಾರೆ.

ಎಫ್‌ಡಿ ಹಾಗೆಯೇ ಉಳಿಯಿತು. ಆದರೆ ಮನೆಗೆ ಹೊರಡುವಾಗ ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಒಂದು ವಿಷಯ. ಆ 4,999 ನಾನು ಆಗ್ಲೇ ಕಟ್ಟಿಬಿಟ್ಟಿದ್ದೆ. ನಿಮ್ಮನ್ನ ಕೇಳೋ ಹಿಂದಿನ ದಿನಾನೇ. ದಯವಿಟ್ಟು ನಮ್ಮನೆಯವರ ಮುಂದೆ ಮಾತ್ರ ಹೇಳಬೇಡಿ" ಎಂದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇಲ್ಲಿ ಬರೆಯಲೇ ಎಂದು ಆಮೇಲೆ ಕೇಳಿದಾಗ, ಹೆಸರು ಹಾಕದಿದ್ದರೆ ಆಗಬಹುದು ಎಂದು ಒಪ್ಪಿದರು. ನನ್ನ 12,000 ರೂಪಾಯಿಯ ವಿಷಯವನ್ನೂ ಅವತ್ತೇ ಅವರಿಗೆ ಹೇಳಿದೆ. ಅದನ್ನು ಕೇಳಿದ ಮೊದಲನೆಯವರು ಅವರೇ. ನನ್ನ ಹೆಂಡತಿಗೆ ಈ ವಾರಪತ್ರಿಕೆ ಮನೆಗೆ ಬಂದ ದಿನ ಗೊತ್ತಾಗುತ್ತದೆ.